ಓವರ್, ಅಂಡರ್, ಔಟ್: ಕ್ರಿಯಾಪದದ ತಲೆಗೆ ಬಂದು ನಿಂತಾಗ

ಲಾರಿಯೊಂದು ಬಸ್ಸನ್ನು ಹಿಂದಿಕ್ಕಿದರೆ ಇಂಗ್ಲಿಷಿನಲ್ಲಿ ಅದು ‘ಓವರ್‌ಟೇಕ್’. ಅವೇ ಎರಡು ಪದಗಳನ್ನು ಹಿಂದುಮುಂದು ಮಾಡಿ ‘ಟೇಕ್ ಓವರ್’ ಅಂದರೆ, ಲಾರಿಯ ಮಾಲೀಕ ಬಸ್ ಕಂಪನಿಯನ್ನೇ ತನ್ನ ಹಿಡಿತಕ್ಕೆ ತೆಗೆದುಕೊಂಡ ಎಂದಾಗುತ್ತದೆ. ರೋಗಿ ಶಸ್ತ್ರಚಿಕಿತ್ಸೆಗೆ ಒಳಗಾದರೆ ‘ಅಂಡರ್‌ಗೋ’. ಹಡಗು ಮುಳುಗಿದರೆ, ವ್ಯಾಪಾರ ದಿವಾಳಿಯಾದರೆ ‘ಗೋ ಅಂಡರ್’. ಓಡುವುದರಲ್ಲಿ ಇನ್ನೊಬ್ಬನನ್ನು ಮೀರಿಸಿದರೆ ‘ಔಟ್‌ರನ್’. ಮನೆಯಲ್ಲಿ ಸಕ್ಕರೆ ಮುಗಿದರೆ ‘ರನ್ ಔಟ್’. ತುಂಡುಗಳು ಅವೇ, ಜಾಗ ಮಾತ್ರ ಅದಲುಬದಲು. ಆದರೆ ಅರ್ಥಕ್ಕೂ ಅರ್ಥಕ್ಕೂ ಸಂಬಂಧವೇ ಇಲ್ಲವೆನ್ನುವಷ್ಟು ದೂರ.

ಇಂಗ್ಲಿಷನ್ನು ಶಾಲೆಯಲ್ಲಿ ಕಲಿತ ನಮ್ಮಲ್ಲಿ ಹೆಚ್ಚಿನವರು ಇವುಗಳನ್ನು ಒಂದೊಂದಾಗಿ ಉರು ಹೊಡೆದವರು. ಉರು ಹೊಡೆದದ್ದು ಪರೀಕ್ಷೆಗೆ ಒದಗುತ್ತದೆ, ಪತ್ರ ಬರೆಯುವಾಗ ಕೈಕೊಡುತ್ತದೆ. ಈ ಪದಗಳ ಒಳಗೊಂದು ವ್ಯವಸ್ಥೆ ಇದೆ. ಅದನ್ನು ಹಿಡಿಯಲು ಕೇಳಬೇಕಾದ ಪ್ರಶ್ನೆ ಒಂದೇ: ಓವರ್, ಅಂಡರ್, ಔಟ್ ಎಂಬ ಈ ಪುಟ್ಟ ಪದಗಳು ಕ್ರಿಯಾಪದದ ಮುಂದೆ ಬಂದು ಅಂಟಿಕೊಂಡಾಗ, ಆ ಕ್ರಿಯಾಪದದ ಕರ್ಮಕ್ಕೆ ಏನಾಗುತ್ತದೆ? ವ್ಯಾಕರಣದ ಪಾಠದಲ್ಲಿ ‘ಯಾರನ್ನು, ಏನನ್ನು’ ಎಂದು ಕೇಳಿ ಹುಡುಕುತ್ತಿದ್ದೆವಲ್ಲ, ಆ ಕರ್ಮಕ್ಕೆ.

ಹಳೆಯ ಪದಕ್ರಮ

ಸಾವಿರ ವರ್ಷದ ಹಿಂದಿನ ಇಂಗ್ಲಿಷನ್ನು ಇಂದಿನ ಇಂಗ್ಲಿಷರು ಪಾಠ ಹೇಳಿಸಿಕೊಳ್ಳದೆ ಓದಲಾರರು. ಆ ಭಾಷೆಯಲ್ಲಿ ವಾಕ್ಯದ ಕ್ರಿಯಾಪದ ಎಷ್ಟೋ ಕಡೆ, ಅದರಲ್ಲೂ ಉಪವಾಕ್ಯಗಳಲ್ಲಿ, ನಮ್ಮ ಕನ್ನಡದ ಹಾಗೆ ಕೊನೆಗೆ ಬರುತ್ತಿತ್ತು. ಕ್ರಿಯಾಪದ ಕೊನೆಗೆ ಬಂದರೆ ‘ಹೊರಗೆ’, ‘ಮೇಲೆ’, ‘ಕೆಳಗೆ’ ಎಂಬ ದಿಕ್ಕಿನ ಪದಗಳು ಅದಕ್ಕಿಂತ ಮೊದಲೇ ಬರಬೇಕು. ನಾವು ‘ಹೊರಹಾಕು’, ‘ಮೇಲೇಳು’, ‘ಒಳಗಾಗು’ ಎನ್ನುತ್ತೇವೆಯೇ ಹೊರತು ‘ಹಾಕು ಹೊರ’ ಎನ್ನುವುದಿಲ್ಲ. ಹಳೆಯ ಇಂಗ್ಲಿಷಿನಲ್ಲೂ ಈ ಪದಗಳು ಕ್ರಿಯಾಪದದ ಮುಂದೆ ಬರುವುದು ಸಹಜವಾಗಿತ್ತು. ಓವರ್‌ಕಮ್, ಓವರ್‌ಸೀ, ಅಂಡರ್‌ಸ್ಟ್ಯಾಂಡ್ ಎಂಬ ಕ್ರಿಯಾಪದಗಳ ಪೂರ್ವರೂಪಗಳು ಆ ಕಾಲದಲ್ಲೇ ಇವೆ.

ಮುಂದಿನ ಕೆಲವು ಶತಮಾನಗಳಲ್ಲಿ ಇಂಗ್ಲಿಷಿನ ವಾಕ್ಯಕ್ರಮ ಬದಲಾಯಿತು. ಕ್ರಿಯಾಪದ ವಾಕ್ಯದ ನಡುವಿಗೆ ಸರಿಯಿತು, ದಿಕ್ಕಿನ ಪದಗಳು ಅದರ ಹಿಂದಕ್ಕೆ ಹೋದವು. ಗೋ ಔಟ್, ಟೇಕ್ ಓವರ್, ಲುಕ್ ಓವರ್ ಎಂಬ ಹೊಸ ಜೋಡಿಗಳು ಹುಟ್ಟಿದವು. ಆದರೆ ಹಳೆಯ ಕ್ರಮದಲ್ಲಿ ಆಗಲೇ ಅಂಟಿಕೊಂಡಿದ್ದ ಜೋಡಿಗಳು ಬಿಡಿಸಿಕೊಳ್ಳಲಿಲ್ಲ. ಅವು ಒಂದೇ ಪದವಾಗಿ ಗಟ್ಟಿಯಾಗಿ, ದಿಕ್ಕಿನ ಅರ್ಥದಿಂದ ಮೆಲ್ಲಗೆ ದೂರ ಸರಿದವು. ಬಿಡಿಬಿಡಿಯಾಗಿ ನಿಂತ ‘ಔಟ್’ ಇಂದಿಗೂ ಹೆಚ್ಚಾಗಿ ‘ಹೊರಗೆ’ ಎಂದೇ ಹೇಳುತ್ತದೆ. ಮುಂದೆ ಅಂಟಿಕೊಂಡ ‘ಔಟ್’ ಮತ್ತೇನನ್ನೋ ಹೇಳತೊಡಗಿತು.

ಇದು ನಮಗೆ ಅಪರಿಚಿತ ಸಂಗತಿಯಲ್ಲ. ಸಂಸ್ಕೃತದ ಉಪಸರ್ಗಗಳ ಕತೆಯೂ ಇದೇ. ವೇದಗಳ ಭಾಷೆಯಲ್ಲಿ ಉಪಸರ್ಗ ಕ್ರಿಯಾಪದದಿಂದ ದೂರ, ಬೇರೆಯಾಗಿಯೇ ನಿಲ್ಲಬಹುದಿತ್ತು. ಆಮೇಲಿನ ಸಂಸ್ಕೃತದಲ್ಲಿ ಅದು ಧಾತುವಿಗೆ ಅಂಟಿತು, ಅಂಟಿದ ಮೇಲೆ ಧಾತುವಿನ ಅರ್ಥವನ್ನು ಎಲ್ಲಿಗೋ ಎಳೆದುಕೊಂಡು ಹೋಯಿತು. ‘ಹೃ’ ಎಂಬ ಒಂದೇ ಧಾತುವಿನಿಂದ ಪ್ರಹಾರ, ಆಹಾರ, ಸಂಹಾರ, ವಿಹಾರ, ಪರಿಹಾರ ಎಲ್ಲವೂ ಬಂದಿವೆ. ಅವುಗಳಲ್ಲಿ ಏಟೂ ಉಂಟು, ಊಟವೂ ಉಂಟು. ಇಂಗ್ಲಿಷಿನ ಓವರ್, ಅಂಡರ್, ಔಟ್‌ಗಳು ಈ ಉಪಸರ್ಗಗಳಿಗೆ ದೂರದ ನೆಂಟರೂ ಹೌದು. ಓವರ್ ಮತ್ತು ಸಂಸ್ಕೃತದ ಉಪರಿ ಒಂದೇ ಬೇರಿನವು. ಔಟ್ ಮತ್ತು ಉದ್ಗಮ, ಉದ್ಭವಗಳಲ್ಲಿರುವ ‘ಉದ್’ ಒಂದೇ ಬೇರಿನವು. ಅಂಡರ್‌ನ ಮೂಲ ಸ್ವಲ್ಪ ತೊಡಕಿನದು, ಅದಕ್ಕೆ ಮುಂದೆ ಬರುತ್ತೇನೆ.

ಇಂಗ್ಲಿಷಿನ ಹತ್ತಿರದ ಬಂಧುವಾದ ಜರ್ಮನ್ ಎರಡೂ ಪದ್ಧತಿಗಳನ್ನು ಉಳಿಸಿಕೊಂಡಿದೆ. ಟ್ಯಾಕ್ಸಿ ಕಂಪನಿಯ ಹೆಸರಾಗಿ ನಾವು ಕೇಳಿರುವ ‘ಊಬರ್’ ಜರ್ಮನ್‌ನಲ್ಲಿ ಓವರ್‌ಗೆ ಸಮನಾದ ಪದ. ಅದಕ್ಕೆ ‘ಇಡು’ ಎಂಬ ಅರ್ಥದ ‘ಸೆಟ್ಸೆನ್’ ಸೇರಿದರೆ ಎರಡು ಕ್ರಿಯಾಪದಗಳಾಗುತ್ತವೆ. ಒತ್ತು ಊಬರ್ ಮೇಲೆ ಬಿದ್ದರೆ ದೋಣಿಯಲ್ಲಿ ನದಿ ದಾಟಿಸುವುದು ಎಂದರ್ಥ, ಆಗ ಊಬರ್ ಬೇರೆಯಾಗಿ ವಾಕ್ಯದ ಕೊನೆಗೆ ಹೋಗಿ ನಿಲ್ಲಬಲ್ಲದು. ಒತ್ತು ಸೆಟ್ಸೆನ್ ಮೇಲೆ ಬಿದ್ದರೆ ಅನುವಾದಿಸುವುದು ಎಂದರ್ಥ, ಆಗ ಎರಡನ್ನೂ ಬಿಡಿಸಲು ಬರುವುದಿಲ್ಲ. ದೋಣಿ ದಾಟಿಸುವುದು ಕಣ್ಣಿಗೆ ಕಾಣುವ ಕ್ರಿಯೆ, ಅನುವಾದ ಮನಸ್ಸಿನ ಕ್ರಿಯೆ. ಅಂಟಿಕೊಂಡದ್ದು ಅಮೂರ್ತದ ಕಡೆಗೆ ಹೋಯಿತು, ಬಿಡಿಯಾಗಿ ಉಳಿದದ್ದು ನೆಲದ ಮೇಲೆಯೇ ಉಳಿಯಿತು. ಇಂಗ್ಲಿಷಿನಲ್ಲಿ ಇದು ಎಲ್ಲ ಕಡೆ ಇಷ್ಟು ಸ್ಪಷ್ಟವಾಗಿ ಕಾಣದಿದ್ದರೂ, ಒಟ್ಟಾರೆ ಒಲವು ಇದೇ.

ಅಂಡರ್: ಕೆಳಗೆ, ಕಡಿಮೆ, ಮತ್ತು ನಡುವೆ

ಅಂಡರ್ ಸೇರಿದ ಕ್ರಿಯಾಪದಗಳಲ್ಲಿ ಎರಡು ಗುಂಪುಗಳಿವೆ, ಒಂದನ್ನೊಂದು ಬೆರೆಸಬಾರದು. ಮೊದಲನೆಯದು ‘ಸಾಲದು, ಕಡಿಮೆ’ ಎನ್ನುವ ಗುಂಪು. ಕೂಲಿ ಕಡಿಮೆ ಕೊಟ್ಟರೆ ಅಂಡರ್‌ಪೇ, ಅನ್ನ ಸರಿಯಾಗಿ ಬೇಯದಿದ್ದರೆ ಅಂಡರ್‌ಕುಕ್, ಎದುರಾಳಿಯ ಬಲವನ್ನು ಕಡಿಮೆ ಅಂದಾಜು ಮಾಡಿದರೆ ಅಂಡರ್‌ಎಸ್ಟಿಮೇಟ್. ಈ ಗುಂಪನ್ನು ಗುರುತಿಸುವುದು ಬಹಳ ಸುಲಭ: ಅಂಡರ್ ತೆಗೆದು ಓವರ್ ಹಾಕಿ ನೋಡಬೇಕು. ಓವರ್‌ಪೇ, ಓವರ್‌ಕುಕ್, ಓವರ್‌ಎಸ್ಟಿಮೇಟ್ ಎಂದು ನೇರ ವಿರುದ್ಧಾರ್ಥ ಸಿಕ್ಕರೆ ಆ ಅಂಡರ್ ‘ಕಡಿಮೆ’ ಎನ್ನುವ ಅಂಡರ್.

ಅಂಡರ್‌ಗೋ ಪದವನ್ನು ಹೀಗೆ ಪರೀಕ್ಷಿಸಿದರೆ ‘ಓವರ್‌ಗೋ’ ಎಂದಾಗುತ್ತದೆ. ಅಂಥ ಪದ ಇಂದಿನ ಬಳಕೆಯಲ್ಲಿಲ್ಲ. ಅಂಡರ್‌ಟೇಕ್‌ಗೆ ಓವರ್‌ಟೇಕ್ ಸಿಗುತ್ತದೆ, ಆದರೆ ಅದು ವಿರುದ್ಧಾರ್ಥವಲ್ಲ. ಇವು ಎರಡನೆಯ ಗುಂಪಿನವು, ಹಳೆಯ ಕಾಲದಲ್ಲೇ ಗಟ್ಟಿಯಾದವು. ಅಂಡರ್‌ಗೋ ಎಂದರೆ ಮೊದಲಿಗೆ ಯಾವುದೋ ಒಂದರ ಅಡಿಗೆ ಹೋಗುವುದು. ಆಮೇಲೆ ಭಾರದ ಅಡಿಗೆ, ಕಷ್ಟದ ಅಡಿಗೆ ಹೋಗಿ ಅದನ್ನು ತಾಳಿಕೊಳ್ಳುವುದು ಎಂದಾಯಿತು. ಕನ್ನಡದ ‘ಒಳಗಾಗು’ ಕೂಡ ಹೀಗೆಯೇ ಜಾಗದ ಪದದಿಂದ ಅನುಭವದ ಪದವಾದದ್ದು. ಅಂಡರ್‌ಮೈನ್ ಎಂಬುದರ ಹಿನ್ನೆಲೆ ಯುದ್ಧದ್ದು. ಕೋಟೆಗೆ ಮುತ್ತಿಗೆ ಹಾಕಿದ ಸೈನ್ಯ ಗೋಡೆಯ ಬುಡಕ್ಕೆ ಸುರಂಗ ತೋಡಿ ಗೋಡೆಯನ್ನು ಕೆಡವುತ್ತಿತ್ತು. ಈಗ ಒಬ್ಬರ ಅಧಿಕಾರವನ್ನು, ಆತ್ಮವಿಶ್ವಾಸವನ್ನು ಸದ್ದಿಲ್ಲದೆ ಸಡಿಲಗೊಳಿಸುವುದಕ್ಕೆ ಆ ಪದ ಸಲ್ಲುತ್ತದೆ. ಎದುರಿನಿಂದ ಹೊಡೆಯುವುದಕ್ಕಲ್ಲ, ಬುಡದಿಂದ ಕೊರೆಯುವುದಕ್ಕೆ ಮಾತ್ರ ಇದನ್ನು ಬಳಸಬೇಕು ಎಂಬ ಸೂಕ್ಷ್ಮ ಆ ಸುರಂಗದಿಂದಲೇ ಬಂದದ್ದು.

ಅಂಡರ್‌ಟೇಕ್ ಎಂದರೆ ಹೊಣೆ ಹೊರುವುದು. ಸರ್ಕಾರಿ ಬ್ಯಾಂಕುಗಳ ಹೆಸರಿನ ಅಡಿಯಲ್ಲಿ ‘ಗವರ್ನ್‌ಮೆಂಟ್ ಆಫ್ ಇಂಡಿಯಾ ಅಂಡರ್‌ಟೇಕಿಂಗ್’ ಎಂದು ಬರೆದಿರುವುದು ಇದೇ ಅರ್ಥದಲ್ಲಿ, ಸರ್ಕಾರ ಕೈಗೆತ್ತಿಕೊಂಡ ಉದ್ಯಮ ಎಂದು. ಕಚೇರಿಗಳಲ್ಲಿ ‘ಅಂಡರ್‌ಟೇಕಿಂಗ್ ಬರೆದುಕೊಡಿ’ ಎಂದರೆ ನಮ್ಮ ಮುಚ್ಚಳಿಕೆ. ಇಂಗ್ಲೆಂಡಿನಲ್ಲಿ ಶವಸಂಸ್ಕಾರದ ಏರ್ಪಾಡು ವಹಿಸಿಕೊಳ್ಳುವವನಿಗೂ ‘ಅಂಡರ್‌ಟೇಕರ್’ ಎಂಬ ಹೆಸರು ಬಂತು. ಮೊದಲು ಯಾವ ಕೆಲಸ ವಹಿಸಿಕೊಂಡವನಿಗೂ ಸಲ್ಲುತ್ತಿದ್ದ ಪದ ಆ ಒಂದು ವೃತ್ತಿಗೆ ನಿಂತುಬಿಟ್ಟಿತು. ಅದೇ ದೇಶದ ರಸ್ತೆಗಳಲ್ಲಿ ಇತ್ತೀಚಿನ ಇನ್ನೊಂದು ಅರ್ಥವೂ ಇದೆ. ಬಲಗಡೆಯಿಂದ ಮುಂದೆ ಹೋಗುವುದು ಓವರ್‌ಟೇಕ್ ಆದರೆ, ನಿಯಮ ಮೀರಿ ಎಡಗಡೆಯಿಂದ ನುಗ್ಗುವುದನ್ನು ಅಲ್ಲಿನ ಚಾಲಕರು ಅಂಡರ್‌ಟೇಕ್ ಎನ್ನುತ್ತಾರೆ. ವಿರುದ್ಧಾರ್ಥವೇ ಅಲ್ಲದ ಎರಡು ಪದಗಳನ್ನು ಜನರ ಬಾಯಿ ವಿರುದ್ಧಾರ್ಥಗಳನ್ನಾಗಿ ಮಾಡಿಕೊಂಡಿತು.

ಇನ್ನು ಅಂಡರ್‌ಸ್ಟ್ಯಾಂಡ್. ಕೆಳಗೆ ನಿಂತರೆ ಅರ್ಥವಾಗುವುದು ಹೇಗೆ? ಇಲ್ಲಿಯೇ ಅಂಡರ್‌ನ ಮೂಲದ ತೊಡಕು ಬರುತ್ತದೆ. ಹಳೆಯ ಜರ್ಮನಿಕ್ ಭಾಷೆಗಳ ಈ ಪದದಲ್ಲಿ ಎರಡು ಬೇರೆ ಬೇರೆ ಮೂಲಗಳು ಸೇರಿಹೋಗಿವೆ ಎಂದು ಭಾಷಾ ಇತಿಹಾಸಕಾರರು ಹೇಳುತ್ತಾರೆ. ಒಂದು ‘ಕೆಳಗಿನ’ ಎಂಬ ಅರ್ಥದ ಸಂಸ್ಕೃತದ ‘ಅಧರ’ಕ್ಕೆ ಸಂಬಂಧಿಸಿದ್ದು, ಕೆಳತುಟಿಗೆ ಅಧರವೆನ್ನುವ ಅದೇ ಪದ. ಇನ್ನೊಂದು ‘ನಡುವೆ’ ಎಂಬ ಅರ್ಥದ ‘ಅಂತರ್’ಗೆ ಸಂಬಂಧಿಸಿದ್ದು. ಜರ್ಮನ್ ಭಾಷೆಯ ‘ಉಂಟರ್’ ಇಂದಿಗೂ ಎರಡೂ ಅರ್ಥ ಕೊಡುತ್ತದೆ. ಮೇಜಿನ ಕೆಳಗೆ ಅನ್ನಲೂ ಅದೇ, ಗೆಳೆಯರ ನಡುವೆ ಅನ್ನಲೂ ಅದೇ. ಅಂಡರ್‌ಸ್ಟ್ಯಾಂಡ್‌ನಲ್ಲಿ ಇರುವುದು ಈ ‘ನಡುವೆ’ ಎಂಬ ಅಂಡರ್, ವಿಷಯದ ನಡುವೆ, ಹತ್ತಿರ ನಿಲ್ಲುವುದೇ ತಿಳಿಯುವುದು ಎಂಬುದು ಒಂದು ವಿವರಣೆ. ಎಲ್ಲರೂ ಇದನ್ನು ಒಪ್ಪಿಲ್ಲ. ಆದರೆ ಕೆಳಗೆ ಎಂಬ ಅರ್ಥವನ್ನು ಹೇಗೋ ಎಳೆದು ತರುವುದಕ್ಕಿಂತ ಇದು ನನಗೆ ಹೆಚ್ಚು ನಂಬುವಂತಿದೆ.

ಓವರ್: ಮೇಲಿಂದ ನೋಡುವ ಎರಡು ಬಗೆ

ಓವರ್‌ನ ಸುಲಭದ ಅರ್ಥ ‘ಅತಿಯಾಗಿ’. ಓವರ್‌ಈಟ್, ಓವರ್‌ಲೋಡ್, ಓವರ್‌ಚಾರ್ಜ್, ಓವರ್‌ಸ್ಲೀಪ್. ಓವರ್‌ಕಮ್, ಓವರ್‌ಪವರ್, ಓವರ್‌ರೂಲ್‌ಗಳಲ್ಲಿ ‘ಮೇಲುಗೈ’ ಎಂಬ ಅರ್ಥವಿದೆ. ಮೇಲುಗೈ ಎನ್ನುವಾಗ ನಾವೂ ಅದೇ ‘ಮೇಲೆ’ಯನ್ನು ಬಳಸುತ್ತೇವಾದ್ದರಿಂದ ಇವು ನಮಗೆ ಕಷ್ಟವಲ್ಲ. ಓವರ್‌ಟೇಕ್‌ಗೆ ಮೊದಲಿದ್ದ ಅರ್ಥ ಓಡಿಹೋಗುತ್ತಿರುವವನನ್ನು, ಬೇಟೆಯ ಪ್ರಾಣಿಯನ್ನು ಬೆನ್ನಟ್ಟಿ ಹಿಡಿಯುವುದು. ಹಿಡಿದು ನಿಲ್ಲಿಸದೆ ದಾಟಿ ಮುಂದೆ ಹೋಗುವ ರಸ್ತೆಯ ಅರ್ಥ ಆಮೇಲಿನದು. ‘ಮಳೆ ಅವರನ್ನು ಓವರ್‌ಟೇಕ್ ಮಾಡಿತು’ ಎಂದು ಹಳೆಯ ಇಂಗ್ಲಿಷ್ ಕಥೆಗಳಲ್ಲಿ ಓದಿದಾಗ, ಮಳೆ ಅವರನ್ನು ದಾಟಿ ಹೋಯಿತೆಂದಲ್ಲ, ಹಠಾತ್ತನೆ ಬಂದು ಹಿಡಿಯಿತೆಂದು ತಿಳಿಯಬೇಕು.

ನಿಜವಾಗಿ ಎಡವಿಸುವುದು ಓವರ್‌ಸೀ ಮತ್ತು ಓವರ್‌ಲುಕ್. ಸೀ ಎಂದರೂ ನೋಡು, ಲುಕ್ ಎಂದರೂ ನೋಡು. ಆದರೆ ಓವರ್‌ಸೀ ಎಂದರೆ ಮೇಲ್ವಿಚಾರಣೆ ಮಾಡು, ಓವರ್‌ಲುಕ್ ಎಂದರೆ ಗಮನಿಸದೆ ಬಿಡು, ಕಡೆಗಣಿಸು. ಎತ್ತರದಲ್ಲಿ ನಿಂತು ನೋಡುವವನಿಗೆ ಎರಡು ಸಾಧ್ಯತೆಗಳಿವೆ. ಮೇಲಿಂದ ಎಲ್ಲವನ್ನೂ ಕಾಣಬಹುದು, ಅಥವಾ ಹತ್ತಿರದ್ದರ ತಲೆಯ ಮೇಲಿಂದ ದೃಷ್ಟಿ ಹಾದು ದೂರಕ್ಕೆ ಹೋಗಿ, ಹತ್ತಿರದ್ದೇ ತಪ್ಪಿಹೋಗಬಹುದು. ಈ ಎರಡು ಅರ್ಥಗಳು ಒಂದು ಕಾಲದಲ್ಲಿ ಎರಡೂ ಪದಗಳಲ್ಲಿ ಇದ್ದವು. ಓವರ್‌ಸೀಗೂ ‘ನೋಡದೆ ಬಿಡು’ ಎಂಬ ಅರ್ಥವಿತ್ತು, ಓವರ್‌ಲುಕ್‌ಗೂ ‘ಪರಿಶೀಲಿಸು’ ಎಂಬ ಅರ್ಥವಿತ್ತು. ಬರಬರುತ್ತ ಭಾಷೆ ಒಂದಕ್ಕೊಂದು ಅರ್ಥ ಹಂಚಿಕೊಟ್ಟಿತು. ಹಂಚಿಕೆ ಪೂರ್ತಿಯಾಗಿಲ್ಲ: ಕೋಣೆಯ ಕಿಟಕಿ ಸಮುದ್ರವನ್ನು ಓವರ್‌ಲುಕ್ ಮಾಡುತ್ತದೆ ಎಂದು ಹೋಟೆಲಿನವರು ಬರೆದರೆ, ಅಲ್ಲಿಂದ ಸಮುದ್ರ ಕಾಣುತ್ತದೆ ಎಂದೇ ಅರ್ಥ.

ನಾಮಪದ ‘ಓವರ್‌ಸೈಟ್’ನಲ್ಲಂತೂ ಎರಡೂ ಅರ್ಥ ಇಂದಿಗೂ ಒಟ್ಟಿಗೇ ಇವೆ. ‘ಓವರ್‌ಸೈಟ್ ಕಮಿಟಿ’ ಎಂದರೆ ಮೇಲುಸ್ತುವಾರಿ ಸಮಿತಿ. ‘ಬೈ ಓವರ್‌ಸೈಟ್’ ಎಂದು ಕಚೇರಿಯ ಪತ್ರದಲ್ಲಿದ್ದರೆ ಕಣ್ತಪ್ಪಿನಿಂದ. ಕಣ್ತಪ್ಪು ಆಗದಂತೆ ನೋಡಿಕೊಳ್ಳುವ ಕೆಲಸಕ್ಕೂ ಕಣ್ತಪ್ಪಿಗೂ ಒಂದೇ ಹೆಸರು. ಅಕ್ಕಪಕ್ಕದ ಪದಗಳನ್ನು ನೋಡಿಯೇ ಅರ್ಥ ತೀರ್ಮಾನಿಸಬೇಕು. ಬೇರೆ ದಾರಿ ಇಲ್ಲ.

ಓವರ್‌ಲುಕ್‌ಗೆ ಮೂರನೆಯ ಅರ್ಥವೊಂದಿತ್ತು, ನಮ್ಮವರಿಗೆ ಅದು ತುಂಬ ಹತ್ತಿರದ್ದು. ಷೇಕ್ಸ್‌ಪಿಯರನ ‘ದ ಮರ್ಚೆಂಟ್ ಆಫ್ ವೆನಿಸ್’ ನಾಟಕದಲ್ಲಿ ನಾಯಕಿ ಪೋರ್ಷಿಯಾ ತನ್ನ ಪ್ರಿಯಕರನಿಗೆ, ನಿನ್ನ ಕಣ್ಣುಗಳು ನನ್ನನ್ನು ಹೀಗೆ ಮಾಡಿವೆ ಎನ್ನುವಾಗ ಈ ಪದ ಬಳಸುತ್ತಾಳೆ. ಅಲ್ಲಿ ಅದರ ಅರ್ಥ ಕಡೆಗಣಿಸುವುದಲ್ಲ, ದೃಷ್ಟಿ ತಾಕಿಸುವುದು. ಕೂಸಿಗೆ ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾರಲ್ಲ, ಆ ದೃಷ್ಟಿ. ಇಂದಿನ ಅರ್ಥ ಹಿಡಿದು ಆ ಸಾಲನ್ನು ಓದಿದರೆ ಪೋರ್ಷಿಯಾ ತನ್ನನ್ನು ನಿರ್ಲಕ್ಷಿಸಿದನೆಂದು ದೂರುವಂತೆ ಕಾಣುತ್ತದೆ, ಅಲ್ಲಿಗೆ ಆ ಪ್ರೇಮದ ಮಾತು ಕೆಟ್ಟುಹೋಗುತ್ತದೆ.

ಓವರ್‌ನಲ್ಲೇ ಒತ್ತಿನ ಮಾತನ್ನೂ ಹೇಳಿಬಿಡಬೇಕು, ಏಕೆಂದರೆ ಕನ್ನಡದ ಮಾತಿನಲ್ಲಿ ಒತ್ತು ಅರ್ಥವನ್ನು ಬದಲಿಸುವುದಿಲ್ಲ, ಹಾಗಾಗಿ ನಮ್ಮ ಕಿವಿ ಇದನ್ನು ಹಿಡಿಯುವುದು ಕಡಿಮೆ. ಸಾಮಾನ್ಯವಾಗಿ ಕ್ರಿಯಾಪದವಾದರೆ ಮುಖ್ಯ ಒತ್ತು ಎರಡನೆಯ ತುಂಡಿನ ಮೇಲೆ: ಓವರ್‘ಥ್ರೋ’, ಸರ್ಕಾರವನ್ನು ಉರುಳಿಸು. ನಾಮಪದವಾದರೆ ಒತ್ತು ಮೊದಲ ತುಂಡಿನ ಮೇಲೆ: ‘ಓವರ್’ಥ್ರೋ. ಕ್ರಿಕೆಟ್ ನೋಡುವವರಿಗೆಲ್ಲ ಈ ನಾಮಪದ ಗೊತ್ತು. 2019ರ ಜುಲೈ 14ರಂದು ಲಾರ್ಡ್ಸ್‌ನಲ್ಲಿ ನಡೆದ ವಿಶ್ವಕಪ್ ಫೈನಲ್‌ನ ಕೊನೆಯ ಓವರಿನಲ್ಲಿ ಮಾರ್ಟಿನ್ ಗಪ್ಟಿಲ್ ಎಸೆದ ಚೆಂಡು ಬೆನ್ ಸ್ಟೋಕ್ಸ್‌ರ ಬ್ಯಾಟಿಗೆ ತಾಗಿ ಬೌಂಡರಿಗೆ ಹೋಗಿ, ಒಟ್ಟು 6 ರನ್ ಸಿಕ್ಕದ್ದು ಓವರ್‌ಥ್ರೋದಿಂದ. ಅಲ್ಲಿ ಓವರ್ ಎಂದರೆ ಗುರಿಯನ್ನು ದಾಟಿ ಆಚೆ. ಆ ಪಂದ್ಯದ ವರದಿಯಲ್ಲಿ ಯಾರಾದರೂ ಎರಡನೆಯ ತುಂಡಿಗೆ ಒತ್ತು ಕೊಟ್ಟು ಓದಿದರೆ, ಇಂಗ್ಲಿಷ್ ಕಿವಿಗೆ ಯಾರೋ ಯಾರನ್ನೋ ಪದಚ್ಯುತಗೊಳಿಸಿದಂತೆ ಕೇಳಿಸೀತು.

ಔಟ್: ಎದುರಾಳಿಯನ್ನು ತಂದು ನಿಲ್ಲಿಸುವ ಪದ

ಮೂರರಲ್ಲಿ ಅತ್ಯಂತ ಜೀವಂತವಾಗಿರುವುದು ಔಟ್. ಅಂಡರ್‌ಗೋ ಜಾತಿಯ ಹೊಸ ಪದಗಳನ್ನು ಈಗ ಯಾರೂ ಹುಟ್ಟಿಸುತ್ತಿಲ್ಲ, ಆದರೆ ಔಟ್ ಹಾಕಿ ಹೊಸ ಕ್ರಿಯಾಪದವನ್ನು ಇವತ್ತು ಸಂಜೆಯೇ ಮಾಡಬಹುದು, ಕೇಳಿದವರಿಗೆ ವಿವರಣೆಯಿಲ್ಲದೆ ಅರ್ಥವಾಗುತ್ತದೆ. ಏಕೆಂದರೆ ಅದು ಮಾಡುವ ಕೆಲಸ ಸ್ಪಷ್ಟ: ಯಾವ ಕ್ರಿಯೆಯನ್ನೇ ಆಗಲಿ ಅದು ಸ್ಪರ್ಧೆಯಾಗಿ ಮಾರ್ಪಡಿಸುತ್ತದೆ.

‘ರನ್’ ಎಂಬುದಕ್ಕೆ ಕರ್ಮ ಬೇಕಿಲ್ಲ. ಹುಡುಗ ಓಡಿದ, ಅಷ್ಟೇ. ‘ಔಟ್‌ರನ್’ ಎಂದ ಕೂಡಲೇ ಯಾರನ್ನು ಎಂಬ ಪ್ರಶ್ನೆ ಏಳುತ್ತದೆ. ಓಟದಲ್ಲಿ ಹಿಂದೆ ಬಿದ್ದ ಒಬ್ಬನು ಕರ್ಮದ ಜಾಗಕ್ಕೆ ಬಂದೇ ಬರಬೇಕು. ಅಕರ್ಮಕ ಕ್ರಿಯಾಪದ ಸಕರ್ಮಕವಾಯಿತು. ಇಷ್ಟನ್ನು ವ್ಯಾಕರಣ ಪುಸ್ತಕಗಳೂ ಹೇಳುತ್ತವೆ. ಮೊದಲೇ ಸಕರ್ಮಕವಾಗಿರುವ ಕ್ರಿಯಾಪದಕ್ಕೆ ಔಟ್ ಸೇರಿದಾಗ ಆಗುವುದು ಇನ್ನೂ ಗಮನಿಸಬೇಕಾದದ್ದು. ‘ಸಿಂಗ್’ ಪದಕ್ಕೆ ಹಾಡು ಕರ್ಮ: ಆಕೆ ಒಂದು ಹಾಡು ಹಾಡಿದಳು. ‘ಔಟ್‌ಸಿಂಗ್’ ಆದಾಗ ಆ ಹಾಡಿಗೆ ವಾಕ್ಯದಲ್ಲಿ ಜಾಗವೇ ಇಲ್ಲ. ಆಕೆ ತನ್ನ ಅಕ್ಕನನ್ನು ಔಟ್‌ಸಿಂಗ್ ಮಾಡಬಹುದು, ಹಾಡನ್ನು ಔಟ್‌ಸಿಂಗ್ ಮಾಡಲಾರಳು. ಊಟದ ಪಂದ್ಯದಲ್ಲಿ ಒಬ್ಬ ಇನ್ನೊಬ್ಬನನ್ನು ‘ಔಟ್‌ಈಟ್’ ಮಾಡಬಹುದು, ಆದರೆ ತಿಂದ ಇಡ್ಲಿಯನ್ನು ಆ ವಾಕ್ಯದ ಕರ್ಮ ಮಾಡಲು ಬರುವುದಿಲ್ಲ. ಔಟ್ ಹಳೆಯ ಕರ್ಮವನ್ನು ಎಬ್ಬಿಸಿ ಕಳಿಸಿ, ಆ ಪೀಠದಲ್ಲಿ ಎದುರಾಳಿಯನ್ನು ಕೂರಿಸುತ್ತದೆ.

ಕ್ರಿಯಾಪದವೇ ಬೇಕೆಂದೂ ಇಲ್ಲ. ‘ನಂಬರ್’ ಸೇರಿ ಔಟ್‌ನಂಬರ್, ಸಂಖ್ಯೆಯಲ್ಲಿ ಮೀರು. ‘ವಿಟ್’, ಅಂದರೆ ಬುದ್ಧಿ, ಸೇರಿ ಔಟ್‌ವಿಟ್, ಉಪಾಯದಲ್ಲಿ ಸೋಲಿಸು. ‘ಸ್ಮಾರ್ಟ್’ ಎಂಬ ಗುಣವಾಚಕ ಸೇರಿ ಔಟ್‌ಸ್ಮಾರ್ಟ್. ಷೇಕ್ಸ್‌ಪಿಯರ್ ‘ಹ್ಯಾಮ್ಲೆಟ್’ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೆರೋಡ್ ಎಂಬ ರಾಜನ ಹೆಸರಿಗೇ ಔಟ್ ಸೇರಿಸಿದ. ಅವನಿಗಿಂತ ಹಿಂದಿನ ಕಾಲದ ಧಾರ್ಮಿಕ ನಾಟಕಗಳಲ್ಲಿ ಹೆರೋಡ್ ಅಬ್ಬರಿಸುವ ಪಾತ್ರ, ಹೆಚ್ಚುಕಡಿಮೆ ನಮ್ಮ ಬಯಲಾಟದ ರಾಕ್ಷಸನ ವೇಷದಂತೆ. ಹ್ಯಾಮ್ಲೆಟ್ ನಟರಿಗೆ ಬುದ್ಧಿ ಹೇಳುತ್ತ, ಅರಚಾಟದಲ್ಲಿ ಹೆರೋಡನನ್ನೂ ಮೀರಿಸುವ ನಟನೆ ಬೇಡ ಎನ್ನಲು ಆ ಪದ ಬಳಸುತ್ತಾನೆ. ನಾಲ್ಕು ಶತಮಾನಗಳ ಮೇಲೂ ಈ ಅಚ್ಚು ಸವೆದಿಲ್ಲ. ಯಾವುದೇ ಹೆಸರನ್ನು ಅದರಲ್ಲಿ ಇಟ್ಟರೂ ಪದವಾಗುತ್ತದೆ.

ಎಲ್ಲ ಔಟ್‌ಗಳೂ ಸ್ಪರ್ಧೆಯವಲ್ಲ ಎಂಬ ಮಿತಿಯನ್ನು ಇಲ್ಲೇ ಹೇಳಬೇಕು. ಔಟ್‌ಲೈನ್ ಎಂದರೆ ರೇಖೆ ಎಳೆಯುವುದರಲ್ಲಿ ಮೀರಿಸುವುದಲ್ಲ, ಹೊರರೇಖೆ ಬರೆಯುವುದು. ಬೆಂಗಳೂರಿನ ಬದುಕನ್ನೇ ಬದಲಿಸಿದ ಔಟ್‌ಸೋರ್ಸ್ ಪದದಲ್ಲಿರುವುದೂ ಹಳೆಯ, ‘ಹೊರಗೆ’ ಎನ್ನುವ ಔಟ್. ಹೊರಗಿನ ಮೂಲದಿಂದ ಕೆಲಸ ಮಾಡಿಸುವುದು, ನಮ್ಮ ಹೊರಗುತ್ತಿಗೆ. ಗುರುತಿಸುವ ಉಪಾಯ ಸರಳ. ‘...ಗಿಂತ ಹೆಚ್ಚು’ ಎಂದು ಕನ್ನಡದಲ್ಲಿ ಬಿಡಿಸಲು ಬಂದರೆ ಸ್ಪರ್ಧೆಯ ಔಟ್, ‘ಹೊರ’ ಎಂದು ಬಿಡಿಸಲು ಬಂದರೆ ಜಾಗದ ಔಟ್.

ಔಟ್‌ಗ್ರೋ ಈ ಬಳಗದಲ್ಲಿ ನನಗೆ ಬಹಳ ಇಷ್ಟವಾದ ಪದ, ಏಕೆಂದರೆ ಅದರ ಎದುರಾಳಿ ಮನುಷ್ಯನಾಗಿರುವುದು ಅಪರೂಪ. ಮಗು ಬೆಳೆದು ಕಳೆದ ವರ್ಷದ ಅಂಗಿ ಹಿಡಿಸದಾದಾಗ ಕನ್ನಡದಲ್ಲಿ ಅಂಗಿಯನ್ನು ಕರ್ತೃವಾಗಿಸಿ ‘ಅಂಗಿ ಗಿಡ್ಡ ಆಯ್ತು’ ಎನ್ನುತ್ತೇವೆ. ಅಂಗಿ ಇದ್ದಷ್ಟೇ ಇದೆ, ಬೆಳೆದದ್ದು ಮಗು. ಇಂಗ್ಲಿಷ್ ಮಗುವನ್ನೇ ಕರ್ತೃವಾಗಿಸಿ, ಅಂಗಿಯನ್ನು ಕರ್ಮದ ಜಾಗದಲ್ಲಿಟ್ಟು, ಮಗು ಅಂಗಿಯನ್ನು ಔಟ್‌ಗ್ರೋ ಮಾಡಿತು ಎನ್ನುತ್ತದೆ. ಬೆಳವಣಿಗೆಯಲ್ಲಿ ಮಗು ಅಂಗಿಯ ಅಳತೆಯನ್ನು ಮೀರಿತು. ಅಂಗಿಯ ಜಾಗಕ್ಕೆ ಅಭ್ಯಾಸ ಬಂದರೆ, ಬೆರಳು ಚೀಪುವುದನ್ನು, ಕತ್ತಲೆಯ ಭಯವನ್ನು ಔಟ್‌ಗ್ರೋ ಮಾಡುವುದು ಎಂದಾಗುತ್ತದೆ. ಮಕ್ಕಳ ವೈದ್ಯರು ಇದನ್ನು ಕಾಯಿಲೆಗೂ ಬಳಸುತ್ತಾರೆ. ಹಾಲು, ಮೊಟ್ಟೆಯ ಅಲರ್ಜಿ ಇರುವ ಎಷ್ಟೋ ಮಕ್ಕಳು ದೊಡ್ಡವರಾಗುತ್ತ ಅದನ್ನು ಔಟ್‌ಗ್ರೋ ಮಾಡುತ್ತಾರೆ. ಕಡಲೆಕಾಯಿಯ ಅಲರ್ಜಿ ಹಾಗೆ ಹೋಗುವುದು ಕಡಿಮೆ. ವೈದ್ಯರು ಈ ಪದ ಬಳಸಿದಾಗ ಔಷಧಿಯಿಂದ ವಾಸಿಯಾಗುತ್ತದೆ ಎಂದು ಹೇಳುತ್ತಿಲ್ಲ, ‘ಬೆಳೀತಾ ಬೆಳೀತಾ ತಾನೇ ಹೋಗುತ್ತೆ’ ಎನ್ನುತ್ತಿದ್ದಾರೆ. ತಂದೆತಾಯಿಗೆ ಈ ವ್ಯತ್ಯಾಸ ತಿಳಿದಿರುವುದು ಒಳ್ಳೆಯದು.

ಇಲ್ಲೊಂದು ಅಪವಾದ ಸಿಗುತ್ತದೆ. ‘ಗ್ರೋ ಔಟ್ ಆಫ್’ ಎಂದರೂ ಔಟ್‌ಗ್ರೋ ಎಂದರೂ ಅರ್ಥ ಹೆಚ್ಚುಕಡಿಮೆ ಒಂದೇ. ಮುಂದಿಟ್ಟರೆ ಒಂದರ್ಥ, ಹಿಂದಿಟ್ಟರೆ ಇನ್ನೊಂದು ಎಂಬ ಒಲವು ಈ ಜೋಡಿಯಲ್ಲಿ ನಿಲ್ಲುವುದಿಲ್ಲ. ಆದರೆ ಒಂದು ಕುರುಹು ಇಲ್ಲೂ ಉಳಿದಿದೆ. ಔಟ್ ಹಿಂದೆ ನಿಂತಾಗ ಅಂಗಿಯನ್ನು ಕರೆತರಲು ‘ಆಫ್’ ಬೇಕಾಯಿತು. ಮುಂದೆ ಅಂಟಿದಾಗ ಅಂಗಿ ನೇರವಾಗಿ ಬಂತು.

ಒಂದು ಪತ್ರ

ಈ ಕೊನೆಯ ಸಂಗತಿಯೇ ನಮ್ಮ ಬರವಣಿಗೆಯಲ್ಲಿ ಹೆಚ್ಚು ತಪ್ಪು ಮಾಡಿಸುವುದು. ಕಚೇರಿಗೆ ರಜೆ ಕೋರಿ ಒಬ್ಬರು ಇಂಗ್ಲಿಷಿನಲ್ಲಿ ಹೀಗೆ ಬರೆದರೆಂದು ಇಟ್ಟುಕೊಳ್ಳೋಣ: ‘ಮೈ ಮದರ್ ಹ್ಯಾಸ್ ಅಂಡರ್‌ವೆಂಟ್ ಥ್ರೂ ಆನ್ ಆಪರೇಷನ್. ವಿ ಹ್ಯಾವ್ ಟು ಓವರ್‌ಕಮ್ ಫ್ರಮ್ ದಿಸ್ ಸಿಚುಯೇಷನ್. ಕೈಂಡ್ಲಿ ಓವರ್‌ಲುಕ್ ಮೈ ಅಪ್ಲಿಕೇಷನ್.’

ಮೊದಲ ವಾಕ್ಯದಲ್ಲಿ ಎರಡು ತಪ್ಪುಗಳಿವೆ. ಅಂಡರ್‌ಗೋ ಒಳಗಿರುವುದು ‘ಗೋ’ ಆದ್ದರಿಂದ ಅದರ ರೂಪಗಳೆಲ್ಲ ಗೋ ಪದದವೇ. ಗೋ, ವೆಂಟ್, ಗಾನ್ ಇದ್ದಂತೆ ಅಂಡರ್‌ಗೋ, ಅಂಡರ್‌ವೆಂಟ್, ಅಂಡರ್‌ಗಾನ್. ಹ್ಯಾಸ್ ಬಂದ ಮೇಲೆ ಮೂರನೆಯ ರೂಪ ಬೇಕು, ‘ಹ್ಯಾಸ್ ಅಂಡರ್‌ಗಾನ್’. ಓವರ್‌ಟೇಕ್‌ಗೂ ಹೀಗೆಯೇ ಓವರ್‌ಟುಕ್, ಓವರ್‌ಟೇಕನ್. ಔಟ್‌ಗ್ರೋಗೆ ಔಟ್‌ಗ್ರೂ, ಔಟ್‌ಗ್ರೋನ್. ಒಳಗಿನ ಕ್ರಿಯಾಪದ ಗೊತ್ತಿದ್ದರೆ ಹೊಸದಾಗಿ ಕಲಿಯುವುದೇನೂ ಇಲ್ಲ.

ಎರಡನೆಯ ತಪ್ಪು ‘ಥ್ರೂ’. ಇದು ಎಲ್ಲಿಂದ ಬಂತೆಂದು ಊಹಿಸಬಹುದು. ‘ಗೋ ಥ್ರೂ’ ಎಂಬ ಬೇರೆಯೇ ಜೋಡಿ ಇಂಗ್ಲಿಷಿನಲ್ಲಿದೆ, ಅದರ ಅರ್ಥವೂ ಅನುಭವಿಸು ಎಂದೇ; ಎರಡೂ ಬೆರೆತುಹೋಗಿವೆ. ಜೊತೆಗೆ ಕನ್ನಡದಲ್ಲಿ ‘ಆಪರೇಷನ್‌ಗೆ ಒಳಗಾದರು’ ಎನ್ನುವಾಗ ‘ಗೆ’ ಪ್ರತ್ಯಯ ಬರುವುದರಿಂದ, ಇಂಗ್ಲಿಷಿನಲ್ಲೂ ನಡುವೆ ಏನೋ ಒಂದು ಬೇಕೆಂದು ನಮಗೆ ಅನ್ನಿಸುತ್ತದೆ. ಆದರೆ ಬೇಕಾದದ್ದು ಅಂಡರ್ ರೂಪದಲ್ಲಿ ಕ್ರಿಯಾಪದದ ಒಳಗೇ ಸೇರಿಕೊಂಡಿದೆ. ಇನ್ನೊಂದನ್ನು ತರುವುದೆಂದರೆ ಒಂದೇ ಕೆಲಸಕ್ಕೆ ಎರಡು ಆಳು. ‘ಹ್ಯಾಸ್ ಅಂಡರ್‌ಗಾನ್ ಆನ್ ಆಪರೇಷನ್’ ಎಂದಷ್ಟೇ ಸಾಕು.

ಎರಡನೆಯ ವಾಕ್ಯದ ‘ಫ್ರಮ್’ ಕೂಡ ಇದೇ ಜಾತಿಯದು. ‘ಈ ಪರಿಸ್ಥಿತಿಯಿಂದ ಪಾರಾಗಬೇಕು’ ಎಂಬ ಕನ್ನಡ ಮನಸ್ಸಿನಲ್ಲಿತ್ತು, ‘ಇಂದ’ ಎಂಬುದು ಫ್ರಮ್ ಆಗಿ ಬಂದುಬಿಟ್ಟಿತು. ಓವರ್‌ಕಮ್ ಎಂದರೆ ಪಾರಾಗುವುದಲ್ಲ, ಗೆಲ್ಲುವುದು. ಪರಿಸ್ಥಿತಿಯಿಂದ ಗೆಲ್ಲುತ್ತೇವೆ ಎನ್ನುವುದಿಲ್ಲ, ಪರಿಸ್ಥಿತಿಯನ್ನು ಗೆಲ್ಲುತ್ತೇವೆ. ಕನ್ನಡದಲ್ಲಿ ‘ಅನ್ನು’ ಬರುವ ಕ್ರಿಯಾಪದದಿಂದ ಅರ್ಥ ಹೇಳಿಕೊಂಡರೆ ಫ್ರಮ್ ತಾನಾಗಿಯೇ ಬಿದ್ದುಹೋಗುತ್ತದೆ. ಓವರ್‌ಟೇಕ್‌ಗೆ ಹಿಂದಿಕ್ಕು, ಔಟ್‌ಗ್ರೋಗೆ ಮೀರು, ಅಂಡರ್‌ಗೋಗೆ ಅನುಭವಿಸು: ಇವೆಲ್ಲಕ್ಕೂ ‘ಅನ್ನು’ ಹೊಂದುತ್ತದೆ, ಅದಕ್ಕೆ ತಕ್ಕಂತೆ ಇಂಗ್ಲಿಷಿನಲ್ಲೂ ನಡುವೆ ಏನೂ ಬೇಡ.

ಮೂರನೆಯ ವಾಕ್ಯ ವ್ಯಾಕರಣದ ದೃಷ್ಟಿಯಿಂದ ಪೂರ್ತಿ ಸರಿಯಾಗಿದೆ, ಹೆಚ್ಚಿನ ಹಾನಿ ಮಾಡುವುದೂ ಅದೇ. ಬರೆದವರ ಮನಸ್ಸಿನಲ್ಲಿದ್ದದ್ದು ‘ಲುಕ್ ಓವರ್’, ಒಮ್ಮೆ ನೋಡಿ ಎಂದು. ಓದುವ ಅಧಿಕಾರಿಗೆ ಸಿಗುವ ಅರ್ಥ, ದಯವಿಟ್ಟು ನನ್ನ ಅರ್ಜಿಯನ್ನು ಕಡೆಗಣಿಸಿ ಎಂದು. ಇಲ್ಲಿ ‘ಕನ್ಸಿಡರ್’ ಎಂದು ಬರೆಯುವುದೇ ಸರಿ. ‘ಲುಕ್ ಓವರ್’ ಕೂಡ ಮೇಲೆ ಮೇಲೆ ಕಣ್ಣಾಡಿಸುವುದಕ್ಕೆ ಹೇಳುವ ಮಾತಾದ್ದರಿಂದ, ರಜೆ ಮಂಜೂರಾಗಬೇಕೆಂದು ಬರೆಯುವ ಅರ್ಜಿಗೆ ಅದೂ ಸಾಲದು.